ಮೋಡದ ಮೊದಲ ಹನಿ

ಗಾಳಿಯಲ್ಲಿ ತೇವಾಂಶ ನೂರಕ್ಕೆ ನೂರು ಮುಟ್ಟಿತೆಂದರೆ ಆವಿ ನೀರಾಗತೊಡಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದು ತಟ್ಟೆಯಲ್ಲಿ ಸಮತಟ್ಟಾಗಿ ನಿಂತ ನೀರಿನ ಲೆಕ್ಕ. ದೂಳು, ಹೊಗೆ, ಉಪ್ಪಿನ ಕಣ ಯಾವುದೂ ಇಲ್ಲದ ಶುದ್ಧ ಗಾಳಿಯನ್ನು ತಣಿಸುತ್ತ ಹೋಗಿ ನೋಡಿ: ತೇವಾಂಶ ನೂರು ದಾಟುತ್ತದೆ, ಇನ್ನೂರು ದಾಟುತ್ತದೆ, ಮುನ್ನೂರೂ ದಾಟುತ್ತದೆ, ಒಂದು ಹನಿಯೂ ಕಟ್ಟುವುದಿಲ್ಲ.

ಇದನ್ನು ಅಳೆದು ತೋರಿಸಿದವರು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್. 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಕೆಲವು ವಾರ ಇದ್ದ ಅವರು ಅಲ್ಲಿ ಮೋಡಗಳ ಮೇಲೆ ಮೂಡುವ ಬಣ್ಣದ ಉಂಗುರಗಳಿಗೆ ಮರುಳಾದರು. ಮರುವರ್ಷ ಕೇಂಬ್ರಿಜ್‌ನಲ್ಲಿ ಗಾಜಿನ ಪಾತ್ರೆಯೊಳಗೆ ಮೋಡ ಮಾಡಲು ಕುಳಿತರು. ವಿಧಾನ ಸರಳ. ತೇವ ತುಂಬಿದ ಗಾಳಿಯನ್ನು ಪಾತ್ರೆಯಲ್ಲಿ ಕೂಡಿಟ್ಟು ಥಟ್ಟನೆ ಹಿಗ್ಗಿಸುವುದು. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ಆವಿ ಹೆಚ್ಚಾಗುತ್ತದೆ. ಮೊದಮೊದಲು ದೂಳಿನ ಕಣಗಳ ಮೇಲೆ ಮಂಜು ಕಟ್ಟಿ ಕೆಳಗಿಳಿಯುತ್ತದೆ. ಹೀಗೆ ಕೆಲವು ಸಲ ಮಾಡಿದರೆ ದೂಳೆಲ್ಲ ತೊಳೆದುಹೋಗುತ್ತದೆ. ಆಮೇಲೆ ಗಾತ್ರ 1.25 ಪಟ್ಟು ಆಗುವವರೆಗೆ ಹಿಗ್ಗಿಸಿದರೂ ಪಾತ್ರೆ ಖಾಲಿಯಂತೆಯೇ ಕಾಣುತ್ತದೆ. ಆ ಹೊತ್ತಿಗೆ ಒಳಗೆ ಇರಬೇಕಾದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಆವಿ ಇರುತ್ತದೆ. ಅಲ್ಲಿಂದ ಮುಂದೆ ಬೆರಳೆಣಿಕೆಯ ಹನಿಗಳು ಉದುರುತ್ತವೆ. 1.38 ಪಟ್ಟು, ಅಂದರೆ ಸುಮಾರು ಎಂಟು ಪಟ್ಟು ಆವಿ ಆದಾಗ ಪಾತ್ರೆ ತುಂಬ ದಟ್ಟ ಮಂಜು.

ನೀರಾಗಲು ಅಷ್ಟೊಂದು ಆವಿ ಸಿದ್ಧವಾಗಿದ್ದಾಗ ಅದನ್ನು ತಡೆದು ಹಿಡಿದದ್ದು ಏನು? ಆಗತಾನೆ ಹುಟ್ಟುವ ಹನಿಯ ಮೇಲ್ಮೈ.

ಮೇಲ್ಮೈ ಎಳೆತ ಎಂದಾಗ ನೀರಿನ ಮೇಲೊಂದು ತೆಳುವಾದ ಚರ್ಮ ಹಾಸಿದೆ ಎಂದು ಚಿತ್ರಿಸಿಕೊಳ್ಳುವುದು ರೂಢಿ. ಪಾಠ ಮಾಡಲು ಅನುಕೂಲವಾದರೂ ಈ ಚಿತ್ರ ನನಗೆ ಹಿಡಿಸದು. 25 ಡಿಗ್ರಿ ಉಷ್ಣತೆಯಲ್ಲಿ, ಸಂತೃಪ್ತ ಆವಿಯ ಕೆಳಗಿರುವ ನೀರಿನ ಮೇಲ್ಮೈಯಲ್ಲಿ ಒಂದೊಂದು ಅಣು ಕೂರುವಷ್ಟು ಜಾಗಕ್ಕೆ ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಆವಿಯ ಅಣು ಬಂದು ಬಡಿಯುತ್ತದೆ. ಬಂದು ಸೇರಿದಷ್ಟೇ ಅಣುಗಳು ಹಾರಿಯೂ ಹೋಗುತ್ತವೆ. ಇಷ್ಟು ಗದ್ದಲವಿರುವ ಜಾಗದಲ್ಲಿ ಚರ್ಮವೆಂಬುದು ಎಲ್ಲಿ ಬಂತು?

ನಿಜವಾದ ಕಾರಣ ಬೇರೆ. ನೀರಿನ ಒಳಗಿರುವ ಅಣುವಿಗೆ ಸುತ್ತಲೂ ನೆರೆಯವರು, ಎಲ್ಲರೊಡನೆಯೂ ಸೆಳೆತ. ಅಂಚಿನಲ್ಲಿರುವ ಅಣುವಿಗೆ ಒಂದು ಕಡೆ ನೆರೆಯೇ ಇಲ್ಲ. ಒಳಗಿದ್ದ ಅಣುವನ್ನು ಅಂಚಿಗೆ ತರಬೇಕಾದರೆ ಕೆಲವು ಸೆಳೆತಗಳನ್ನು ಬಿಡಿಸಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಆದ್ದರಿಂದ ಹೊಸದಾಗಿ ಮೂಡುವ ಪ್ರತಿ ಚದರ ಮೀಟರ್ ಮೇಲ್ಮೈಗೂ ಒಂದು ಬೆಲೆ ಉಂಟು. 25 ಡಿಗ್ರಿಯ ನೀರಿಗೆ ಅದು 0.072 ಜೂಲ್. ತಂತಿಯ ಚೌಕಟ್ಟಿನಲ್ಲಿ ಸೋಪುನೀರಿನ ಪೊರೆ ಕಟ್ಟಿ, ಅದರ ಒಂದು ಬದಿಯ ಜಾರುವ ಕಡ್ಡಿಯನ್ನು ಎಳೆದರೆ ಈ ಬೆಲೆ ಕೈಗೇ ತಿಳಿಯುತ್ತದೆ. ಕಡ್ಡಿ 10 ಸೆಂಟಿಮೀಟರ್ ಉದ್ದವಿದ್ದರೆ ಹೆಚ್ಚುಕಡಿಮೆ ಅರ್ಧ ಗ್ರಾಂ ತೂಕದಷ್ಟು ಬಲ ಹಾಕಬೇಕು. ಪೊರೆ ಎಷ್ಟೇ ಹಿಗ್ಗಲಿ, ಬೇಕಾಗುವ ಬಲ ಬದಲಾಗುವುದಿಲ್ಲ. ರಬ್ಬರ್ ಹಾಗಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ. ಇಲ್ಲಿ ಇದ್ದ ಮೇಲ್ಮೈ ಹಿಗ್ಗುತ್ತಿಲ್ಲ. ಒಳಗಿನ ಅಣುಗಳು ಹೊರಗೆ ಬಂದು ಹೊಸ ಮೇಲ್ಮೈ ಸೇರಿಕೊಳ್ಳುತ್ತಿದೆ. (ಶುದ್ಧ ನೀರಿನಿಂದ ಇದನ್ನು ಮಾಡಿ ತೋರಿಸಲಾಗದು, ಅದರ ಪೊರೆ ಕ್ಷಣವೂ ನಿಲ್ಲದು.) ಮೀಟರ್ ಉದ್ದಕ್ಕೆ ಇಷ್ಟು ಬಲ ಎಂದರೂ ಚದರ ಮೀಟರ್ ಹರವಿಗೆ ಇಷ್ಟು ಶಕ್ತಿ ಎಂದರೂ ಒಂದೇ ಸಂಖ್ಯೆ ಸಿಗುವುದು ಇದಕ್ಕೇ.

ಇದನ್ನು ಬರೀ ಶಕ್ತಿ ಎನ್ನದೆ ಮುಕ್ತ ಶಕ್ತಿ ಎನ್ನುತ್ತಾರೆ, ಅದಕ್ಕೂ ಕಾರಣವಿದೆ. ಉಷ್ಣತೆ ಬದಲಾಗದಂತೆ ಒಂದು ಚದರ ಮೀಟರ್ ಹೊಸ ನೀರಿನ ಮೇಲ್ಮೈ ಮಾಡಿದರೆ ನಾವು ಎಳೆದು ಕೊಡುವುದು 0.072 ಜೂಲ್. ಆದರೆ ಮೇಲ್ಮೈಯಲ್ಲಿ ನಿಜಕ್ಕೂ ಸೇರುವ ಶಕ್ತಿ ಸುಮಾರು 0.118 ಜೂಲ್. ಉಳಿದದ್ದು ಸುತ್ತಲಿನಿಂದ ಶಾಖವಾಗಿ ಬರುತ್ತದೆ. ಅಂಚಿನ ಅಣುಗಳಿಗೆ ಒಳಗಿನವಕ್ಕಿಂತ ಹೊರಳಾಡಲು ಹೆಚ್ಚು ಸ್ವಾತಂತ್ರ್ಯ. ಆ ಸ್ವಾತಂತ್ರ್ಯದ ಪಾಲನ್ನು ಶಾಖ ಭರಿಸುತ್ತದೆ. ಎಳೆಯುವವನು ಭರಿಸಬೇಕಾದ ಪಾಲು ಮಾತ್ರ ಮುಕ್ತ ಶಕ್ತಿ. ಹನಿ ಬೆಳೆಯುವುದೋ ಆರಿಹೋಗುವುದೋ ತೀರ್ಮಾನವಾಗುವುದು ಈ ಪಾಲಿನಿಂದ. ನೀರು ಬಿಸಿಯಾದಷ್ಟೂ ಶಾಖದ ಪಾಲು ಏರಿ ಮುಕ್ತ ಶಕ್ತಿ ಇಳಿಯುತ್ತದೆ. 374 ಡಿಗ್ರಿಯಲ್ಲಿ, ನೀರಿಗೂ ಆವಿಗೂ ಭೇದವೇ ಅಳಿಯುವಲ್ಲಿ, ಸೊನ್ನೆಯಾಗುತ್ತದೆ.

ಈಗ ಹನಿಯ ಬಳಿಗೆ ಬರೋಣ. 1 ನ್ಯಾನೋಮೀಟರ್ ತ್ರಿಜ್ಯದ ಒಂದು ಹನಿ, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಅದರಲ್ಲಿ ಇರುವುದು ಸುಮಾರು 140 ನೀರಿನ ಅಣುಗಳು. ಅದರಿಂದ ಒಂದು ಅಣು ಹಾರಿಹೋಯಿತು ಎನ್ನಿ. ಹನಿ ತುಸು ಕುಗ್ಗಿತು, ಜೊತೆಗೆ ಅದರ ಮೇಲ್ಮೈ 0.06 ಚದರ ನ್ಯಾನೋಮೀಟರಿನಷ್ಟು ಕಡಿಮೆಯಾಯಿತು. ಮೇಲ್ಮೈಗೆ ಬೆಲೆ ಉಂಟಾದ್ದರಿಂದ ಅಷ್ಟು ಮುಕ್ತ ಶಕ್ತಿ ಉಳಿತಾಯವಾಯಿತು. ತಟ್ಟೆಯ ನೀರಿನಿಂದ ಒಂದು ಅಣು ಹೋದರೆ ಮೇಲ್ಮೈ ಇದ್ದಷ್ಟೇ ಇರುತ್ತದೆ, ಯಾವ ಉಳಿತಾಯವೂ ಇಲ್ಲ. ಹನಿಯಿಂದ ಹೊರಡುವ ಅಣುವಿಗೆ ಮಾತ್ರ ಈ ರಿಯಾಯಿತಿ.

ರಿಯಾಯಿತಿ ಎಷ್ಟು? ಅಣುಗಳ ಶಾಖದ ಕುಲುಕಾಟವನ್ನೇ ಅಳತೆಗೋಲು ಮಾಡಿಕೊಂಡರೆ, ಚಪ್ಪಟೆ ನೀರಿನಿಂದ ಕಳಚಿಕೊಳ್ಳಲು ಒಂದು ಅಣುವಿಗೆ ಸುಮಾರು 18 ಮಾನ ಶಕ್ತಿ ಬೇಕು. ನಮ್ಮ ಪುಟ್ಟ ಹನಿ ಕೊಡುವ ರಿಯಾಯಿತಿ 1 ಮಾನ ಚಿಲ್ಲರೆ. ಹದಿನೆಂಟರಲ್ಲಿ ಒಂದು ಕಳೆದರೆ ಏನು ಮಹಾ ಎನಿಸಬಹುದು. ಆದರೆ 18 ಮಾನ ಶಕ್ತಿ ಒಮ್ಮೆಲೇ ಕೈಗೆ ಸಿಗುವುದು ತೀರ ಕೆಲವೇ ಅಣುಗಳಿಗೆ, ಮತ್ತು ಬೇಕಾದ ಶಕ್ತಿ ಒಂದು ಮಾನ ಇಳಿದಾಗಲೆಲ್ಲ ಅಂಥ ಅಣುಗಳ ಸಂಖ್ಯೆ 2.7 ಪಟ್ಟು ಏರುತ್ತದೆ. ಹೀಗಾಗಿ 1 ನ್ಯಾನೋಮೀಟರ್ ಹನಿಯ ಆವಿ ಒತ್ತಡ ಚಪ್ಪಟೆ ನೀರಿನದಕ್ಕಿಂತ 2.85 ಪಟ್ಟು. ಸುತ್ತಲಿನ ಗಾಳಿಯಲ್ಲಿ ತೇವಾಂಶ 285 ಇಲ್ಲದಿದ್ದರೆ ಈ ಹನಿ ಆರಿಯೇ ಹೋಗುತ್ತದೆ. ಗಣಿತದಲ್ಲಿ ಇದರ ರೂಪ:

ln(p/p₀) = 2γV/(rRT)

γ ಎಂದರೆ ಮೇಲ್ಮೈಯ ಬೆಲೆ, V ಎಂದರೆ ಒಂದು ಮೋಲ್ ನೀರಿನ ಗಾತ್ರ, r ಹನಿಯ ತ್ರಿಜ್ಯ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1871ರಲ್ಲಿ ಬಾಗಿದ ಮೇಲ್ಮೈಯ ಆವಿ ಒತ್ತಡದ ಬಗ್ಗೆ ಬರೆದ ಲೇಖನದಿಂದ ಇದಕ್ಕೆ ಕೆಲ್ವಿನ್ ಸಮೀಕರಣ ಎಂಬ ಹೆಸರು ಬಂತು. ತ್ರಿಜ್ಯ ಹತ್ತು ಪಟ್ಟಾದರೆ ರಿಯಾಯಿತಿ ಹತ್ತರಲ್ಲೊಂದಾಗುತ್ತದೆ. 10 ನ್ಯಾನೋಮೀಟರ್ ಹನಿಗೆ ಶೇಕಡಾ 11ರಷ್ಟು ಹೆಚ್ಚು ಒತ್ತಡ, 100ಕ್ಕೆ ಶೇಕಡಾ 1. ಮೋಡದಲ್ಲಿ ತೇಲುವ ಬೆಳೆದ ಹನಿಯ ತ್ರಿಜ್ಯ ಸುಮಾರು 10 ಮೈಕ್ರಾನ್. ಅದಕ್ಕೆ ಈ ಪರಿಣಾಮ ಇಲ್ಲವೆಂದೇ ಹೇಳಬಹುದು.

ಇಲ್ಲಿ ಒಂದು ತೊಡಕು ಉಂಟು. ಗಾಳಿಯ ತೇವಾಂಶಕ್ಕೆ ಸರಿಯಾಗಿ ಹೊಂದುವ ಗಾತ್ರದ ಹನಿ ಇದ್ದರೂ ಅದು ಅಲ್ಲಿಯೇ ನೆಮ್ಮದಿಯಾಗಿ ನಿಲ್ಲಲಾರದು. ಒಂದೆರಡು ಅಣು ಕಳೆದುಕೊಂಡರೆ ಹನಿ ಇನ್ನೂ ಚಿಕ್ಕದಾಗಿ, ಆವಿ ಒತ್ತಡ ಇನ್ನೂ ಏರಿ, ಬೇಗ ಬೇಗ ಆರಿಹೋಗುತ್ತದೆ. ಒಂದೆರಡು ಗಳಿಸಿತೋ, ಒತ್ತಡ ಇಳಿದು ಬೆಳೆಯುತ್ತಲೇ ಹೋಗುತ್ತದೆ. ಆ ಗಾತ್ರಕ್ಕೆ ಸಂಧಿ ಗಾತ್ರ ಎನ್ನೋಣ. ಅದನ್ನು ದಾಟುವವರೆಗೆ ಹನಿಯ ಪ್ರತಿ ಹೆಜ್ಜೆಯೂ ಏರುದಾರಿ. ತೇವಾಂಶ 101 ಇರುವ ಗಾಳಿಯಲ್ಲಿ ಸಂಧಿ ಗಾತ್ರದ ತ್ರಿಜ್ಯ ನೂರು ನ್ಯಾನೋಮೀಟರಿಗೆ ತುಸು ಹೆಚ್ಚು. ಅಂಥ ಹನಿಯಲ್ಲಿ ಸುಮಾರು 16 ಕೋಟಿ ಅಣುಗಳು. ಗಾಳಿಯಲ್ಲಿ ಅಲೆಯುವ ಅಣುಗಳು ಢಿಕ್ಕಿ ಹೊಡೆಯುತ್ತ ಆಕಸ್ಮಿಕವಾಗಿ 16 ಕೋಟಿ ಒಂದೆಡೆ ಸೇರುವುದನ್ನು ಬ್ರಹ್ಮಾಂಡದ ಆಯುಸ್ಸಿನಷ್ಟು ಕಾದರೂ ನೋಡಲಾಗದು. ಆವಿ ನಾಲ್ಕು ಪಟ್ಟಾದರೆ 60 ಅಣುಗಳು ಸೇರಿದರೆ ಸಾಕು. ವಿಲ್ಸನ್ನರ ಪಾತ್ರೆ ಅಷ್ಟು ಹೊತ್ತು ಸುಮ್ಮನಿದ್ದು, ಒಂದು ಹಂತ ದಾಟಿದ ಮೇಲೆ ಹನಿ ಕಟ್ಟಿದ್ದರ ಗುಟ್ಟು ಇದು. ಮೊದಲು ಉದುರಿದ ಬೆರಳೆಣಿಕೆಯ ಹನಿಗಳು ಗಾಳಿಯಲ್ಲಿದ್ದ ವಿದ್ಯುದಂಶವುಳ್ಳ ಅಣುಗಳ, ಅಂದರೆ ಅಯಾನುಗಳ ಮೇಲೆ ಕಟ್ಟಿದ್ದವು. ವಿದ್ಯುದಂಶ ನೀರನ್ನು ಸೆಳೆದು ಏರನ್ನು ಕೊಂಚ ತಗ್ಗಿಸುತ್ತದೆ. 1896ರಲ್ಲಿ ವಿಲ್ಸನ್ ಪಾತ್ರೆಯತ್ತ ಎಕ್ಸ್-ಕಿರಣ ಹಾಯಿಸಿದಾಗ ಹನಿಗಳು ವಿಪರೀತ ಹೆಚ್ಚಿದವು. ಅದೇ ಪಾತ್ರೆ ಮುಂದೆ ಪರಮಾಣು ಕಣಗಳ ಜಾಡು ತೋರಿಸುವ ಸಾಧನವಾಗಿ 1927ರಲ್ಲಿ ಅವರಿಗೆ ನೊಬೆಲ್ ತಂದಿತು.

ಅರವತ್ತು ಅಣುಗಳ ಗುಂಪಿಗೆ ಮೇಲ್ಮೈ ಎಳೆತ ಎಂಬ ಮಾತು ಸಲ್ಲುತ್ತದೆಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅಲ್ಲಿ ಒಳಗಿರುವ ಅಣುಗಳಿಗಿಂತ ಅಂಚಿನವೇ ಹೆಚ್ಚು. 0.072 ಎಂಬ ಸಂಖ್ಯೆಯಾದರೋ ಚಪ್ಪಟೆ ನೀರಿನಲ್ಲಿ ಅಳೆದದ್ದು. ಹಾಗಾಗಿ 1 ನ್ಯಾನೋಮೀಟರಿನ ಸುತ್ತಮುತ್ತ ಮೇಲಿನ ಅಂಕಿಗಳನ್ನು ಅಂದಾಜು ಎಂದೇ ತಿಳಿಯಬೇಕು. ಕೆಲವು ನ್ಯಾನೋಮೀಟರ್ ದಾಟಿದ ಮೇಲೆ ಭರವಸೆ ಇಡಬಹುದು. ಫಿಶರ್ ಮತ್ತು ಇಸ್ರೇಲಶ್ವಿಲಿ 1979ರಲ್ಲಿ ಎರಡು ಅಭ್ರಕದ ಹಾಳೆಗಳ ಸಂದಿಯಲ್ಲಿ ಸೈಕ್ಲೋಹೆಕ್ಸೇನ್ ದ್ರವ ಕಟ್ಟಿಕೊಳ್ಳುವುದನ್ನು ಅಳೆದು, ಬಾಗು 4 ನ್ಯಾನೋಮೀಟರಿಗೆ ಇಳಿದರೂ ಸಮೀಕರಣ ಹೊಂದುವುದನ್ನು ಕಂಡರು. ಅಲ್ಲಿ ಮೇಲ್ಮೈ ಒಳಮುಖವಾಗಿ ಬಾಗಿರುವುದರಿಂದ ಪರಿಣಾಮವೂ ತಿರುಗುಮುರುಗು: ತೇವಾಂಶ ನೂರಕ್ಕಿಂತ ಕಡಿಮೆ ಇದ್ದಾಗಲೇ ಆವಿ ದ್ರವವಾಗುತ್ತದೆ.

ಹಾಗಾದರೆ ನಮ್ಮ ಆಕಾಶದಲ್ಲಿ ಮೋಡ ಕಟ್ಟುವುದು ಹೇಗೆ? ಅಲ್ಲಿ ತೇವಾಂಶ ನೂರನ್ನು ದಾಟುವುದು ಸಾಮಾನ್ಯವಾಗಿ ಒಂದರೊಳಗೇ. ಉತ್ತರ ಉಪ್ಪಿನಲ್ಲಿದೆ. ಕಡಲ ಅಲೆ ಒಡೆದಾಗ ಹಾರಿದ ನೀರು ಆರಿ ಉಳಿದ 0.1 ಮೈಕ್ರಾನ್ ಅಗಲದ ಉಪ್ಪಿನ ಕಣ ತೇವ ಹೀರಿ, ತೇವಾಂಶ ನೂರು ಮುಟ್ಟುವ ಮೊದಲೇ ಉಪ್ಪುನೀರಿನ ಹನಿಯಾಗುತ್ತದೆ. ಕರಗಿದ ಉಪ್ಪು ನೀರಿನ ಆವಿ ಒತ್ತಡವನ್ನು ತಗ್ಗಿಸುತ್ತದೆ. ಬಾಗು ಏರಿಸಿದ್ದನ್ನು ಉಪ್ಪು ಇಳಿಸುತ್ತದೆ. ಹನಿ ಚಿಕ್ಕದಿದ್ದಾಗ ಉಪ್ಪು ಗಾಢವಾಗಿರುವುದರಿಂದ ಅದರದೇ ಮೇಲುಗೈ. ಎರಡನ್ನೂ ಒಂದೇ ಸೂತ್ರದಲ್ಲಿ ಕೂಡಿಸಿದವರು ಸ್ವೀಡನ್ನಿನ ಹಿಲ್ಡಿಂಗ್ ಕೋಲರ್. ಅವರ ಲೆಕ್ಕದಂತೆ ಈ ಕಣ ಏರು ದಾಟಲು ತೇವಾಂಶ 100.2 ಕೂಡ ಬೇಕಿಲ್ಲ.

ಮೋಡ ಬಿತ್ತನೆಯ ಒಂದು ವಿಧಾನದಲ್ಲಿ ವಿಮಾನದಿಂದ ಉಪ್ಪಿನ ಕಣ ಹೊಗೆಯಾಡಿಸುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ. ಕರ್ನಾಟಕದಲ್ಲಿ 2017ರಲ್ಲಿ ಮೋಡ ಬಿತ್ತನೆ ನಡೆದಾಗ ಮಳೆಯನ್ನೇ ಬಿತ್ತುತ್ತಾರೆ ಎಂಬಂತೆ ಮಾತು ಕೇಳಿಬಂದಿತ್ತು. ಆದರೆ ಉಪ್ಪು ಇಲ್ಲದ ಆವಿಯನ್ನು ಹುಟ್ಟಿಸದು. ಮೋಡದಲ್ಲಿ ಸಹಜವಾಗಿ ಬೇಕಾದಷ್ಟು ಕಣಗಳು ಇದ್ದೇ ಇರುತ್ತವೆ. ಬಿತ್ತುವವರು ಸೇರಿಸಲು ನೋಡುವುದು ಸ್ವಲ್ಪ ದಪ್ಪನೆಯ ಕಣಗಳನ್ನು. ಏಕೆಂದರೆ 1 ಮಿಲಿಮೀಟರ್ ತ್ರಿಜ್ಯದ ಮಳೆಹನಿಗೆ 10 ಮೈಕ್ರಾನಿನ ಹತ್ತು ಲಕ್ಷ ಮೋಡದ ಹನಿಗಳು ಬೇಕು. ಆ ಹಂತದಲ್ಲಿ ಮೇಲ್ಮೈಯ ತಡೆ ಮುಗಿದ ಕತೆ. ಅಲ್ಲಿಂದ ಮುಂದೆ ದೊಡ್ಡ ಹನಿಗಳು ಬೀಳುತ್ತ ಸಣ್ಣವನ್ನು ಢಿಕ್ಕಿ ಹೊಡೆದು ನುಂಗುತ್ತವೆ, ಎಲ್ಲ ಹನಿಗಳೂ ಒಂದೇ ಗಾತ್ರದ್ದಾದರೆ ಒಂದೇ ವೇಗದಲ್ಲಿ ಇಳಿಯುತ್ತ ಪರಸ್ಪರ ತಾಗುವುದೇ ಅಪರೂಪ.