ಕೈಯಗಲದ ಪರದೆಗೆ ಒಂದು ಪಾಠ

ಪಾಠದ ವಿಡಿಯೊ ಮಾಡುವ ಮೇಷ್ಟ್ರು ಸ್ಲೈಡ್ ತಯಾರಿಸುವುದು ಲ್ಯಾಪ್‌ಟಾಪ್‌ನಲ್ಲಿ, ವಿದ್ಯಾರ್ಥಿ ಅದನ್ನು ನೋಡುವುದು ಮೊಬೈಲಿನಲ್ಲಿ. ಓದಲಾಗದ ಸ್ಲೈಡುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಅಂತರದಲ್ಲೇ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪವರ್‌ಪಾಯಿಂಟಿನ ಅಗಲ ಸ್ಲೈಡಿನ ಎತ್ತರ 7.5 ಇಂಚು. ಆರೂವರೆ ಇಂಚಿನ ಮೊಬೈಲನ್ನು ಅಡ್ಡ ಹಿಡಿದರೆ ಅದೇ ಸ್ಲೈಡು ಸುಮಾರು 2.7 ಇಂಚು ಎತ್ತರಕ್ಕೆ ಇಳಿಯುತ್ತದೆ. ನಾವು ಹಾಕಿದ 18 ಪಾಯಿಂಟಿನ ಅಕ್ಷರ ಅಲ್ಲಿ ಆರೂವರೆ ಪಾಯಿಂಟಿನಷ್ಟಾಗುತ್ತದೆ, ಅಂದರೆ ಔಷಧಿ ಪೊಟ್ಟಣದ ಹಿಂಬದಿಯ ಅಕ್ಷರದಷ್ಟು. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಬರೆಯುವ ಹುಡುಗಿ ಮೊಬೈಲನ್ನು ಉದ್ದಕ್ಕೇ ಹಿಡಿದಿರುತ್ತಾಳೆ. ಆಗ ಚಿತ್ರದ ಎತ್ತರ ಒಂದೂವರೆ ಇಂಚು, ಎಲ್ಲವೂ ಐದನೇ ಒಂದು ಪಾಲು. 40 ಪಾಯಿಂಟಿನ ಅಕ್ಷರ ಅಲ್ಲಿ 8 ಪಾಯಿಂಟಾಗಿ ಕಾಣುತ್ತದೆ. ಅದಕ್ಕಿಂತ ಚಿಕ್ಕದನ್ನು ಕನ್ನಡದಲ್ಲಿ ಓದಿಸುವುದು ಕಷ್ಟ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಮೊದಲು ಕಲಸಿಹೋಗುವುದೂ ಅವೇ.

ಹಾಗಾಗಿ ಮುಖ್ಯ ಸಾಲುಗಳಿಗೆ 36ರಿಂದ 40 ಪಾಯಿಂಟ್ ಇರಲಿ, ಯಾವುದೂ 28ಕ್ಕಿಂತ ಕೆಳಗಿಳಿಯದಿರಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ನಡುವೆ ಅಂತರ ಬಿಟ್ಟರೆ ಒಂದು ಸ್ಲೈಡಿನಲ್ಲಿ ಆರೇಳು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿತಿ ಅದೇ, ಅದಕ್ಕೆ ಬೇಸರ ಪಡಬೇಕಿಲ್ಲ. ಸ್ಲೈಡಿನ ಕೆಳಗಿನ ಹತ್ತನೇ ಒಂದು ಭಾಗವನ್ನೂ ಖಾಲಿ ಬಿಡಿ. ವಿಡಿಯೊ ನಿಲ್ಲಿಸಿದಾಗ ಕಾಣುವ ಪಟ್ಟಿ, ಸಬ್‌ಟೈಟಲ್ ಎಲ್ಲ ಬಂದು ಕೂರುವುದು ಅಲ್ಲಿಯೇ. ಉತ್ತರವನ್ನು ಕೊನೆಯ ಸಾಲಿನಲ್ಲಿ ಬರೆಯುವ ಅಭ್ಯಾಸ ನಮ್ಮದು, ಅದನ್ನು ಬರೆದುಕೊಳ್ಳಲು ವಿಡಿಯೊ ನಿಲ್ಲಿಸಿದ ಮಗುವಿಗೆ ಕಾಣದಂತಾಗುವುದೂ ಅದೇ ಸಾಲು.

ಅಕ್ಷರ ಸರಿಯಾದ ಮೇಲೆ ಪೆನ್ನಿನ ಗೆರೆ. ಪೆನ್ ಟ್ಯಾಬ್ಲೆಟ್‌ನಲ್ಲಿ ಬರೆದ ತೆಳು ಕೆಂಪು ಗೆರೆ ನಮ್ಮ ಪರದೆಯ ಮೇಲೆ ಚೊಕ್ಕಟವಾಗಿದ್ದು, ವಿಡಿಯೊ ಆದ ಮೇಲೆ ಅಂಚು ಕದಡಿದಂತೆ ಕಾಣುವುದುಂಟು. ಇದರಲ್ಲಿ ಟ್ಯಾಬ್ಲೆಟ್‌ನ ತಪ್ಪಿಲ್ಲ. ಫೈಲ್ ಚಿಕ್ಕದಾಗಲೆಂದು ಸಾಮಾನ್ಯ ವಿಡಿಯೊಗಳು ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಇಟ್ಟುಕೊಳ್ಳುತ್ತವೆ. ನಮ್ಮ ಕಣ್ಣು ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುವುದರಿಂದ ಫೋಟೊ, ಸಿನಿಮಾಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಡು ನೀಲಿಯ ಮೇಲಿನ ಕೆಂಪು ಗೆರೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ, ಗೆರೆ ಇರುವುದೇ ಬಣ್ಣದ ಆಸರೆಯಲ್ಲಿ. ಪರೀಕ್ಷೆ ಸುಲಭ: ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ಅದನ್ನು ಕಪ್ಪು–ಬಿಳುಪು ಮಾಡಿ. ಆಗಲೂ ಗೆರೆ ಎದ್ದು ಕಂಡರೆ ಆ ಬಣ್ಣ ಸರಿ. ಬಿಳಿಯ ಮೇಲೆ ಕಪ್ಪು ಅಥವಾ ಕಡು ನೀಲಿ, ಕಪ್ಪಿನ ಮೇಲೆ ಬಿಳಿ ಅಥವಾ ಹಳದಿ ಎಂದೂ ಕೈಕೊಡುವುದಿಲ್ಲ.

ಗೆರೆಯ ದಪ್ಪವೂ ಮುಖ್ಯ. 1080 ಸಾಲಿನ ವಿಡಿಯೊದಲ್ಲಿ 6 ಪಿಕ್ಸೆಲ್ ದಪ್ಪದ ಗೆರೆ ಅಡ್ಡ ಹಿಡಿದ ಮೊಬೈಲಿನಲ್ಲಿ ಸುಮಾರು 0.4 ಮಿಲಿಮೀಟರ್, ಹೆಚ್ಚುಕಡಿಮೆ ಬಾಲ್‌ಪೆನ್ ಗೆರೆ. 2 ಪಿಕ್ಸೆಲ್ ಅಂದರೆ ಕೂದಲೆಳೆ.

ನಿಜವಾದ ಗೋಡೆಯ ವೈಟ್‌ಬೋರ್ಡ್ ಚಿತ್ರೀಕರಿಸುವವರಿಗೆ ಬೇರೆ ತಾಪತ್ರಯ. ಬೋರ್ಡಿನ ಬಿಳುಪನ್ನು ಕಂಡು ಕ್ಯಾಮೆರಾ ತಾನೇ ಬೆಳಕು ಇಳಿಸಿಬಿಡುತ್ತದೆ. ಬೋರ್ಡು ಬೂದು ಬಣ್ಣಕ್ಕೆ ತಿರುಗಿ ಮಾರ್ಕರ್ ಗೆರೆ ಮಂಕಾಗುತ್ತದೆ. ಎಕ್ಸ್‌ಪೋಷರನ್ನು ಒಂದಿಷ್ಟು ಏರಿಸಿ ಲಾಕ್ ಮಾಡಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಚಿತ್ರದಲ್ಲಿ ಪಟ್ಟೆಗಳು ಹರಿದಾಡಿದರೆ ಶಟರನ್ನು 1/50ಕ್ಕೆ ಇಟ್ಟು ನೋಡಿ.

ಇನ್ನು ವೇಗ. ಫಿಲಿಪ್ ಗುವೊ, ಜುಹೊ ಕಿಮ್, ರಾಬ್ ರೂಬಿನ್ ಎಂಬ ಮೂವರು ಎಡೆಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳ ದಾಖಲೆ ಜಾಲಾಡಿ 2014ರಲ್ಲಿ ಪ್ರಬಂಧ ಬರೆದರು. ಬರೀ ಸ್ಲೈಡಿಗಿಂತ, ಕಣ್ಣೆದುರೇ ಪೆನ್ನಿನಲ್ಲಿ ಬರೆಯುತ್ತಾ ಹೋಗುವ ಪಾಠವನ್ನು ವಿದ್ಯಾರ್ಥಿಗಳು ಹೆಚ್ಚು ಹೊತ್ತು ನೋಡಿದ್ದರು. ಆರು ನಿಮಿಷದೊಳಗಿನ ವಿಡಿಯೊಗಳೇ ಮುಂದಿದ್ದವು. ಕುತೂಹಲದ ಸಂಗತಿಯೆಂದರೆ, ಸಾಕಷ್ಟು ಚುರುಕಾಗಿ, ಹುರುಪಿನಿಂದ ಮಾತಾಡುವವರ ವಿಡಿಯೊಗಳನ್ನೂ ಹೆಚ್ಚು ನೋಡಿದ್ದರು. ಹದವಾದ ವೇಗವೆಂದರೆ ನಿಧಾನವಾಗಿ ಮಾತಾಡುವುದು ಎಂದು ತಿಳಿದವರು ಇದನ್ನು ಗಮನಿಸಬೇಕು. ನನ್ನ ಮಟ್ಟಿಗೆ ಗುಟ್ಟಿರುವುದು ಬರೆಯುವ ಕೈಯಲ್ಲಿ. ಸಿದ್ಧ ಸ್ಲೈಡು ತೆರೆದ ಕೂಡಲೇ ಹುಡುಗರ ಕಣ್ಣು ಕೊನೆಯ ಸಾಲಿಗೆ ಹಾರುತ್ತದೆ, ಮಾತು ಇನ್ನೂ ಮೊದಲ ಸಾಲಿನಲ್ಲಿರುತ್ತದೆ. ಕೈ ಬರೆಯುತ್ತಿದ್ದರೆ ಇಬ್ಬರೂ ಒಂದೇ ಸಾಲಿನಲ್ಲಿರುತ್ತಾರೆ.

ಹತ್ತನೇ ತರಗತಿಯ ಒಂದು ವರ್ಗ ಸಮೀಕರಣ ತೆಗೆದುಕೊಳ್ಳಿ: 2x² − 7x + 3 = 0. ಸ್ಲೈಡಿನ ಮೇಲ್ಭಾಗದಲ್ಲಿ ಈ ಪ್ರಶ್ನೆಯಷ್ಟೇ ಅಚ್ಚಾಗಿರಲಿ, ಉಳಿದದ್ದು ಖಾಲಿ. ಕೊಟ್ಟದ್ದು ಅಚ್ಚಿನಲ್ಲಿ, ನಾವು ಕಂಡುಕೊಳ್ಳುವುದು ಪೆನ್ನಿನಲ್ಲಿ. ಮೊದಲು 2 ಮತ್ತು 3ಕ್ಕೆ ಒಂದೊಂದು ಸುತ್ತು ಹಾಕಿ, ಗುಣಲಬ್ಧ 6 ಎಂದು ಬಲಗಡೆ ಬರೆಯಿರಿ. ಅದರ ಕೆಳಗೆ ಮೊತ್ತ −7. ‘ಗುಣಿಸಿದರೆ 6, ಕೂಡಿದರೆ −7 ಆಗುವ ಎರಡು ಸಂಖ್ಯೆ ಯಾವುವು?’ ಎಂದು ಕೇಳಿ ಪೆನ್ನು ಎತ್ತಿ ಐದು ಸೆಕೆಂಡು ಸುಮ್ಮನಿರಿ. ಕರ್ಸರನ್ನೂ ಅಲುಗಾಡಿಸಬೇಡಿ, ಅಲುಗಿದರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಆಮೇಲೆ −6, −1 ಬರೆದು ಮುಂದಿನ ಸಾಲು:

2x² − 6x − x + 3 = 0

ಇಲ್ಲಿಯವರೆಗೆ ಚುರುಕಾಗಿಯೇ ಬರಬಹುದು. ಹುಡುಗರು ಎಡವುವುದು ಇದರ ನಂತರ. −x + 3ರಿಂದ −1 ಹೊರತೆಗೆದಾಗ ಆವರಣದೊಳಗೆ +3 ಹೋಗಿ −3 ಆಗುತ್ತದೆ. ಹಾಗಾಗಿ 2x(x − 3) ಬರೆದು ನಿಲ್ಲಿಸಿ. −x + 3ರ ಕೆಳಗೆ ಗೆರೆ ಎಳೆಯಿರಿ. −1 ಬರೆಯಿರಿ, ಆವರಣ ತೆರೆಯಿರಿ, x ಬರೆದು, ಚಿಹ್ನೆಯ ಜಾಗ ಬಿಟ್ಟು ಮಾತಾಡಿ. ಕಾರಣ ಹೇಳಿದ ಮೇಲೆಯೇ ಆ ಮೈನಸ್ ಬರಲಿ, ಅದಕ್ಕೆ ಮಾತ್ರ ಬೇರೆ ಬಣ್ಣ ಇರಲಿ. ಬಣ್ಣ ಇಡೀ ಸ್ಲೈಡಿನಲ್ಲಿ ಒಂದೇ ಕಡೆ ಬದಲಾದರೆ ಅದು ಕಣ್ಣಿಗೆ ಬೀಳುತ್ತದೆ. ಉಳಿದ (2x − 1)(x − 3) = 0, x = 1/2 ಅಥವಾ 3 ಎಂಬುದನ್ನು ಸಲೀಸಾಗಿ ಮುಗಿಸಬಹುದು. ಅಲ್ಲಿ ನಿಧಾನಿಸುವುದು ಸುಮ್ಮನೆ ಹೊತ್ತು ಕಳೆದಂತೆ.

ರೆಕಾರ್ಡಿಂಗ್ ಮಾಡುವಾಗ ನಾಲಿಗೆ ತಡವರಿಸುವುದು ಸಹಜ. ತೊಂದರೆ ಏನೆಂದರೆ, ಮಾತನ್ನು ಮತ್ತೆ ಹೇಳಬಹುದು, ಆದರೆ ಬರೆದ ಗೆರೆ ಪರದೆಯ ಮೇಲೇ ಇರುತ್ತದೆ. ತಪ್ಪಿದ ತುಣುಕನ್ನು ಆಮೇಲೆ ಕತ್ತರಿಸಿದರೆ, ಇನ್ನೂ ಹೇಳದ ಸಾಲು ದಿಢೀರನೆ ಪರದೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಹೀಗೆ ಮಾಡಿ: ತಪ್ಪಿದ ಕೂಡಲೇ ನಿಲ್ಲಿಸಿ, ಆ ಸಾಲಿನ ಗೆರೆಗಳನ್ನಷ್ಟೇ ಅಳಿಸಿ, ಎರಡು ಸೆಕೆಂಡು ಮೌನವಾಗಿದ್ದು ಅದೇ ಸಾಲನ್ನು ಮೊದಲಿನಿಂದ ಹೇಳುತ್ತಾ ಬರೆಯಿರಿ. ಸಂಪಾದಿಸುವಾಗ ಆ ಮೌನ ಧ್ವನಿಯ ಪಟ್ಟಿಯಲ್ಲಿ ಸಪಾಟಾಗಿ ಕಾಣುತ್ತದೆ, ಕತ್ತರಿಸಿದ ಗುರುತೇ ಉಳಿಯುವುದಿಲ್ಲ. ಒಂದೇ ಎಚ್ಚರಿಕೆ: ಪವರ್‌ಪಾಯಿಂಟ್ ಸ್ಲೈಡ್‌ಶೋದಲ್ಲಿ E ಒತ್ತಿದರೆ ಆ ಸ್ಲೈಡಿನ ಬರಹವೆಲ್ಲ ಒಟ್ಟಿಗೆ ಅಳಿಸಿಹೋಗುತ್ತದೆ. ಒಂದೊಂದೇ ಗೆರೆ ಅಳಿಸಲು ಎರೇಸರ್ ಆರಿಸಿಕೊಳ್ಳಬೇಕು. ಮೌನಗಳನ್ನು ತಾನಾಗಿ ಕತ್ತರಿಸುವ ಸೌಲಭ್ಯ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ. ಅದನ್ನು ಹಾಗೇ ಓಡಲು ಬಿಟ್ಟರೆ, ಯೋಚಿಸಲೆಂದು ಬಿಟ್ಟ ಆ ಐದು ಸೆಕೆಂಡನ್ನೂ ಅದು ನುಂಗಿಬಿಡುತ್ತದೆ.

ಓಬಿಎಸ್ ಬಳಸುವವರು ಫೈಲನ್ನು mkv ರೂಪದಲ್ಲಿ ಉಳಿಸುವುದು ಕ್ಷೇಮ. ನಡುವೆ ಕರೆಂಟು ಹೋದರೆ ಸಾಮಾನ್ಯ mp4 ಫೈಲ್ ತೆರೆಯದೇ ಹೋಗಬಹುದು, mkv ಅಲ್ಲಿಯವರೆಗಿನ ಪಾಠವನ್ನು ಉಳಿಸಿಕೊಡುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ Remux Recordings ಒತ್ತಿದರೆ ಗುಣಮಟ್ಟ ಕೆಡದೆ mp4 ಆಗುತ್ತದೆ. ಇಡೀ ಪಾಠ ರೆಕಾರ್ಡ್ ಮಾಡುವ ಮೊದಲು ಅರ್ಧ ನಿಮಿಷದ ತುಣುಕೊಂದನ್ನು ಇದೇ ದಾರಿಯಲ್ಲಿ ಸಿದ್ಧಪಡಿಸಿ, ಹಾಕುವ ಜಾಗಕ್ಕೇ ಹಾಕಿ, ಮೊಬೈಲನ್ನು ಉದ್ದಕ್ಕೆ ಹಿಡಿದು 360 ಸಾಲಿನ ಗುಣಮಟ್ಟದಲ್ಲಿ ನೋಡಿ. ಡೇಟಾ ಉಳಿಸಲು ಹುಡುಗರು ಇಟ್ಟುಕೊಳ್ಳುವುದು ಅಷ್ಟೇ. x² ಮೇಲಿನ 2 ಅಲ್ಲಿ ಓದಲು ಬಂದರೆ ಉಳಿದದ್ದನ್ನು ರೆಕಾರ್ಡ್ ಮಾಡಬಹುದು.