‘ಹಣ 65% ಖಾಲಿ, ಕೆಲಸ ಮಾತ್ರ 40%’: ಇಂಥ ಚಾರ್ಟ್ ಫಾರ್ವರ್ಡ್ ಮಾಡುವ ಮುನ್ನ ಏನು ನೋಡಬೇಕು?

ನಿಮ್ಮ ಊರಿನ ಗ್ರೂಪಿಗೆ ಒಂದು ಚಿತ್ರ ಬರುತ್ತದೆ. ಅದರಲ್ಲಿ ಎರಡು ಗೆರೆಗಳಿವೆ. ಕೆಂಪು ಗೆರೆ ಖರ್ಚಾದ ಹಣವನ್ನು ತೋರಿಸುತ್ತದೆ, ಅದು 65%ಗೆ ಏರಿದೆ. ಹಸಿರು ಗೆರೆ ಮುಗಿದ ಕೆಲಸವನ್ನು ತೋರಿಸುತ್ತದೆ, ಅದು 40%ರಲ್ಲೇ ಇದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಉಳಿದ 25% ಯಾರ ಜೇಬಿಗೆ?’ ಎಂಬ ಪ್ರಶ್ನೆ. ಕಾಮಗಾರಿ ಶಾಲೆಯ ಕೊಠಡಿಯದ್ದೋ, ಸಮುದಾಯ ಭವನದ್ದೋ ಆಗಿರಬಹುದು. ಗುತ್ತಿಗೆದಾರ ಯಾರೆಂದು ಎಲ್ಲರಿಗೂ ಗೊತ್ತು. ಸಂಜೆಯೊಳಗೆ ಆತ ಕಳ್ಳನಾಗಿರುತ್ತಾನೆ.

ಆತ ನಿಜಕ್ಕೂ ಹಣ ಹೊಡೆದಿರಬಹುದು, ಹೊಡೆಯದೆಯೂ ಇರಬಹುದು. ಈ ಚಾರ್ಟ್ ನೋಡಿ ಎರಡನ್ನೂ ಹೇಳಲು ಬರುವುದಿಲ್ಲ. ಏಕೆಂದು ನೋಡೋಣ.

ಎರಡು ಗೆರೆ, ಎರಡು ಬೇರೆ ಅಳತೆ

ಯೋಜನೆಯೊಂದಕ್ಕೆ ಇಟ್ಟ ಹಣ ಯಾವ ವೇಗದಲ್ಲಿ ಖರ್ಚಾಗುತ್ತಿದೆ ಎಂಬುದಕ್ಕೆ ‘ಬರ್ನ್ ರೇಟ್’ ಎನ್ನುತ್ತಾರೆ. ತಿಂಗಳು ತಿಂಗಳಿನ ಖರ್ಚನ್ನು ಕೂಡಿಸುತ್ತಾ ಹೋದರೆ ಕೆಂಪು ಗೆರೆ ಸಿಗುತ್ತದೆ. ಸರ್ಕಾರಿ ವರದಿಗಳಲ್ಲಿ ಇದಕ್ಕೆ ‘ಆರ್ಥಿಕ ಪ್ರಗತಿ’ ಎಂದೂ, ಆದ ಕೆಲಸಕ್ಕೆ ‘ಭೌತಿಕ ಪ್ರಗತಿ’ ಎಂದೂ ಹೆಸರು.

ಕೆಂಪು ಗೆರೆಯನ್ನು ರೂಪಾಯಿಯಲ್ಲಿ ಅಳೆದಿದ್ದಾರೆ. ಹಸಿರು ಗೆರೆಯನ್ನು ಯಾವುದರಲ್ಲಿ ಅಳೆದಿದ್ದಾರೆ? ಹೆಚ್ಚಿನ ಚಾರ್ಟ್‌ಗಳಲ್ಲಿ ಅದು ಬರೀ ಎಣಿಕೆ: ಹತ್ತು ಕೆಲಸಗಳಲ್ಲಿ ನಾಲ್ಕು ಮುಗಿದರೆ 40%. ಆದರೆ ಎಲ್ಲ ಕೆಲಸವೂ ಒಂದೇ ತೂಕದ್ದಲ್ಲ. ಛಾವಣಿ ಹಾಕುವುದೂ ‘ಒಂದು ಕೆಲಸ’, ಬಣ್ಣ ಬಳಿಯುವುದೂ ‘ಒಂದು ಕೆಲಸ’ ಎಂದು ಎಣಿಸಿದಾಗಲೇ ಎಡವಟ್ಟು ಶುರುವಾಗುತ್ತದೆ.

ಒಂದು ಮನೆಯ ಲೆಕ್ಕ

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉದಾಹರಣೆಗೆ, 40 ಲಕ್ಷ ರೂಪಾಯಿ ಬಜೆಟ್‌ನ ಮನೆಯ ಕೆಲಸವನ್ನು ಹೀಗೆ ಹತ್ತಾಗಿ ಹಂಚಿದ್ದೀರಿ ಎಂದುಕೊಳ್ಳಿ:

- ನಕ್ಷೆ, ಅನುಮತಿ: 1 ಲಕ್ಷ
- ಪಾಯ: 6 ಲಕ್ಷ
- ಕಂಬ, ಗೋಡೆ: 8 ಲಕ್ಷ
- ಆರ್‌ಸಿಸಿ ಛಾವಣಿ: 9 ಲಕ್ಷ
- ಪ್ಲಾಸ್ಟರಿಂಗ್: 4 ಲಕ್ಷ
- ವೈರಿಂಗ್: 2 ಲಕ್ಷ
- ಪ್ಲಂಬಿಂಗ್: 2 ಲಕ್ಷ
- ಟೈಲ್ಸ್: 4 ಲಕ್ಷ
- ಬಾಗಿಲು, ಕಿಟಕಿ: 3 ಲಕ್ಷ
- ಬಣ್ಣ: 1 ಲಕ್ಷ

ಈಗ ಛಾವಣಿ ಬಿದ್ದಿದೆ. ಅಂದರೆ ಹತ್ತರಲ್ಲಿ ಮೊದಲ ನಾಲ್ಕು ಕೆಲಸ ಮುಗಿದಿವೆ. ಕೈಯಿಂದ 26 ಲಕ್ಷ ಹೋಗಿದೆ. ಚಾರ್ಟ್ ಬರೆದರೆ ಹಣ 65%, ಕೆಲಸ 40%. ಫಾರ್ವರ್ಡ್‌ನಲ್ಲಿ ಬಂದದ್ದು ಇದೇ ಚಿತ್ರ!

ಎಣಿಕೆ ಬಿಟ್ಟು ಬೆಲೆಯಲ್ಲಿ ನೋಡಿ. ಮುಗಿದ ನಾಲ್ಕು ಕೆಲಸಗಳಿಗೆ ನೀವು ಮೊದಲೇ ಇಟ್ಟಿದ್ದ ಬಜೆಟ್ 1+6+8+9, ಅಂದರೆ 24 ಲಕ್ಷ. 40 ಲಕ್ಷದ ಮನೆಯಲ್ಲಿ 24 ಲಕ್ಷದ ಕೆಲಸ ಆಗಿದೆ, ಅದು 60%. ಹಣ 65%, ಕೆಲಸ 60%. ಅಂತರ 25 ಅಲ್ಲ, 5. ಹಣದಲ್ಲಿ ಹೇಳುವುದಾದರೆ 2 ಲಕ್ಷ ಹೆಚ್ಚಾಗಿದೆ.

ಆ 2 ಲಕ್ಷವನ್ನೂ ಬಿಡಿಸಿ ನೋಡಬೇಕು. ಬಾಗಿಲಿನ ಮರಕ್ಕೂ ಟೈಲ್ಸ್‌ಗೂ ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟಿದ್ದರೆ, ಆ ಹಣ ಮುಂದಿನ ಕೆಲಸಕ್ಕೆ ಸೇರಿದ್ದು, ಪೋಲಾದದ್ದಲ್ಲ. ಆಗ ನಿಜವಾಗಿ ಹೆಚ್ಚಾದದ್ದು 50 ಸಾವಿರ. ಅಡ್ವಾನ್ಸ್ ಕೊಟ್ಟೇ ಇಲ್ಲದಿದ್ದರೆ ಮಾತ್ರ ಕಬ್ಬಿಣದ ದರ ಏರಿತೇ, ಅಳತೆ ಹೆಚ್ಚಾಯಿತೇ, ಯಾರಾದರೂ ಬಿಲ್ ಉಬ್ಬಿಸಿದರೇ ಎಂದು ಕೇಳಬೇಕು.

ತಪ್ಪು ಗೆರೆ ಎಷ್ಟು ಹೆದರಿಸುತ್ತದೆ ನೋಡಿ. 40% ಕೆಲಸಕ್ಕೆ 26 ಲಕ್ಷ ಬೇಕಾಯಿತೆಂದು ನಂಬಿದರೆ ಇಡೀ ಮನೆಗೆ 65 ಲಕ್ಷ ಬೇಕೆಂದು ಲೆಕ್ಕ ಬರುತ್ತದೆ. 60% ಎಂದು ಸರಿಯಾಗಿ ಅಳೆದರೆ, ಇದೇ ರೀತಿ ಖರ್ಚಾಗುತ್ತಾ ಹೋದರೂ ಸುಮಾರು 43 ಲಕ್ಷದಲ್ಲಿ ಮುಗಿಯುತ್ತದೆ. ಒಂದೇ ಮನೆ, ಒಂದೇ ಖರ್ಚು. ಉತ್ತರದಲ್ಲಿ ಮಾತ್ರ 22 ಲಕ್ಷದಷ್ಟು ವ್ಯತ್ಯಾಸ.

ಉಲ್ಟಾ ಮೋಸವೂ ಇದೆ

ಎಣಿಕೆಯ ಗೆರೆ ಪ್ರಾಮಾಣಿಕರನ್ನು ಕಳ್ಳರಂತೆ ತೋರಿಸಬಹುದು. ಹಾಗೆಯೇ ನಿಂತುಹೋದ ಕಾಮಗಾರಿಯನ್ನು ಚೆನ್ನಾಗಿ ನಡೆಯುತ್ತಿರುವಂತೆಯೂ ತೋರಿಸಬಹುದು. ಕುಡಿಯುವ ನೀರಿನ ಯೋಜನೆಯೊಂದನ್ನು ಹತ್ತು ಹಂತ ಮಾಡಿದ್ದಾರೆ ಎಂದುಕೊಳ್ಳಿ. ಸರ್ವೆ, ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ, ಇವು ಮೊದಲ ನಾಲ್ಕು. ಇವು ಮುಗಿದ ದಿನ ವರದಿಯಲ್ಲಿ ‘ಕೆಲಸ 40%, ಖರ್ಚು 5%’ ಎಂದು ಬರೆಯಬಹುದು. ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಊರಿನಲ್ಲಿ ಇನ್ನೂ ಒಂದು ಮೀಟರ್ ಪೈಪ್ ಬಿದ್ದಿರುವುದಿಲ್ಲ.

ಮೂರನೇ ಗೆರೆ ಎಲ್ಲಿದೆ?

ಇದಕ್ಕೆ ಪರಿಹಾರ ಹಳೆಯದೇ. ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲೇ ತನ್ನ ದೊಡ್ಡ ಗುತ್ತಿಗೆಗಳಿಗೆ ಒಂದು ಲೆಕ್ಕದ ಪದ್ಧತಿಯನ್ನು ಕಡ್ಡಾಯ ಮಾಡಿತು. ಇಂದು ಅದನ್ನು ‘ಅರ್ನ್ಡ್ ವ್ಯಾಲ್ಯೂ’ ಎನ್ನುತ್ತಾರೆ. ಇದರಲ್ಲಿ ಗೆರೆಗಳು ಮೂರು, ಮೂರೂ ಹಣದಲ್ಲೇ ಇರುತ್ತವೆ. ಮೊದಲನೆಯದು, ಇಂದಿನವರೆಗೆ ಎಷ್ಟು ಬೆಲೆಯ ಕೆಲಸ ಆಗಬೇಕಿತ್ತು ಎಂಬ ಯೋಜನೆ. ಎರಡನೆಯದು, ನಿಜವಾಗಿ ಆದ ಕೆಲಸಕ್ಕೆ ಬಜೆಟ್‌ನಲ್ಲಿ ಇಟ್ಟಿದ್ದ ಬೆಲೆ. ಮನೆಯ ಲೆಕ್ಕದಲ್ಲಿ ನಮಗೆ ಸಿಕ್ಕ 24 ಲಕ್ಷ ಇದೇ. ಮೂರನೆಯದು, ಆ ಕೆಲಸಕ್ಕೆ ಆದ ಖರ್ಚು.

ಎರಡನೆಯದು ಮೊದಲನೆಯದಕ್ಕಿಂತ ಕೆಳಗಿದ್ದರೆ ಕೆಲಸ ತಡವಾಗಿದೆ ಎಂದರ್ಥ. ಮೂರನೆಯದಕ್ಕಿಂತ ಕೆಳಗಿದ್ದರೆ ಖರ್ಚು ಮಿತಿ ಮೀರಿದೆ ಎಂದರ್ಥ. ಈ ನಡುವಿನ ಗೆರೆಯೇ ಇಲ್ಲದ ಚಾರ್ಟ್ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಹಾರದೇ ಹೋದ ವಿಮಾನ

ಅಮೆರಿಕದ ನೌಕಾಪಡೆ 1988ರಲ್ಲಿ ‘ಎ-12’ ಎಂಬ ಯುದ್ಧವಿಮಾನ ತಯಾರಿಸಲು ಮ್ಯಾಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಮಿಕ್ಸ್ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಕೆಲಸಕ್ಕೆ ಇಟ್ಟ ಬಜೆಟ್ ಸುಮಾರು 404 ಕೋಟಿ ಡಾಲರ್. 1990ರ ಏಪ್ರಿಲ್ ಹೊತ್ತಿಗೆ ಸುಮಾರು 208 ಕೋಟಿ ಡಾಲರ್ ಬೆಲೆಯ ಕೆಲಸ ಆಗಬೇಕಿತ್ತು. ಖರ್ಚಾಗಿದ್ದು ಸುಮಾರು 195 ಕೋಟಿ.

ಇಷ್ಟನ್ನೇ ಚಾರ್ಟ್ ಮಾಡಿದರೆ ಏನನ್ನಿಸುತ್ತದೆ? ಯೋಜನೆಗಿಂತ 13 ಕೋಟಿ ಕಡಿಮೆ ಖರ್ಚಾಗಿದೆ, ಹಣ ಉಳಿಯುತ್ತಿದೆ ಎನ್ನಿಸುತ್ತದೆ. ಆದರೆ ಆಗಿದ್ದ ಕೆಲಸದ ಬೆಲೆ ಸುಮಾರು 149 ಕೋಟಿ ಮಾತ್ರ. ಅಂದರೆ ಹಣ 48% ಹೋಗಿತ್ತು, ಕೆಲಸ 37% ಆಗಿತ್ತು. ಉಳಿತಾಯದಂತೆ ಕಂಡದ್ದು ನಿಜದಲ್ಲಿ ಆಗದೇ ಉಳಿದ ಕೆಲಸ. ನಾವು ಮನೆಗೆ ಮಾಡಿದ ಲೆಕ್ಕವನ್ನೇ ಇಲ್ಲೂ ಮಾಡಿದರೆ, ಮುಗಿಯುವ ಹೊತ್ತಿಗೆ ಖರ್ಚು ಸುಮಾರು 530 ಕೋಟಿ ಡಾಲರ್ ಮುಟ್ಟುತ್ತಿತ್ತು. ಗುತ್ತಿಗೆಯ ಗರಿಷ್ಠ ಮಿತಿ ಇದ್ದದ್ದು ಸುಮಾರು 478 ಕೋಟಿ.

ಈ ಸಂಖ್ಯೆಗಳು ಇದ್ದ ಅದೇ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಡಿಕ್ ಚೆನಿ ಅವರು ಯೋಜನೆ ಸರಿಯಾಗಿಯೇ ಸಾಗಿದೆ ಎಂಬ ಚಿತ್ರವನ್ನು ಅಲ್ಲಿನ ಸಂಸತ್ತಿನ ಮುಂದಿಟ್ಟಿದ್ದರು. ಜೂನ್‌ನಲ್ಲಿ ಕಂಪನಿಗಳೇ ಕೆಲಸ ತಡವಾಗುತ್ತದೆ, ಖರ್ಚು ಮಿತಿ ದಾಟುತ್ತದೆ ಎಂದು ಒಪ್ಪಿಕೊಂಡವು. 1991ರ ಜನವರಿ 7ರಂದು ಯೋಜನೆಯೇ ರದ್ದಾಯಿತು. ಒಂದು ವಿಮಾನವೂ ಹಾರಲಿಲ್ಲ. ಅದರ ಕೋರ್ಟ್ ಜಗಳ ಇತ್ಯರ್ಥವಾದದ್ದು 2014ರಲ್ಲಿ.

ಇಲ್ಲಿ 48 ಮತ್ತು 37ರ ನಡುವಿನ ಅಂತರ ಕೇವಲ 11. ಫಾರ್ವರ್ಡ್‌ಗೆ ಲಾಯಕ್ಕಾದ ಸಂಖ್ಯೆಯೇ ಅಲ್ಲ! ಆದರೆ ಎರಡನ್ನೂ ಹಣದಲ್ಲೇ ಅಳೆದಿದ್ದರಿಂದ ಆ 11ಕ್ಕೆ ಅರ್ಥವಿತ್ತು. ನಮ್ಮ ಮನೆಯ ಚಾರ್ಟ್‌ನ 25ಕ್ಕೆ ಅಷ್ಟು ಅರ್ಥವಿರಲಿಲ್ಲ.

ಈ ಪದ್ಧತಿಗೂ ಮಿತಿ ಇದೆ

‘ಪ್ಲಾಸ್ಟರಿಂಗ್ 90% ಆಗಿದೆ’ ಎಂದು ಹೇಳುವವರು ಯಾರು? ಸಾಮಾನ್ಯವಾಗಿ ಕೆಲಸ ಮಾಡಿಸುತ್ತಿರುವವರೇ. ತಿಂಗಳುಗಟ್ಟಲೆ 90%ರಲ್ಲೇ ನಿಂತ ಕೆಲಸಗಳನ್ನು ನೀವೂ ಕಂಡಿರುತ್ತೀರಿ. ಅದಕ್ಕೇ ಕೆಲವು ಕಡೆ ಕಟ್ಟುನಿಟ್ಟಿನ ನಿಯಮ ಇಟ್ಟುಕೊಳ್ಳುತ್ತಾರೆ: ಪೂರ್ತಿ ಮುಗಿದರೆ 100, ಇಲ್ಲದಿದ್ದರೆ ಸೊನ್ನೆ. ಈ ನಿಯಮದಲ್ಲಿ ಅರ್ಧ ಆದ ಕೆಲಸದ ಖರ್ಚು ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಹಾಗಾಗಿ ಆ ತಿಂಗಳು ಅಂತರ ಸ್ವಲ್ಪ ಹೆಚ್ಚು ಕಾಣುವುದು ಸಹಜ.

ಖರ್ಚಿನ ಗೆರೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಕೆಲಸ ಮುಗಿದು ಬಿಲ್ ಬಾಕಿ ಇದ್ದರೆ ಖರ್ಚು ಕಡಿಮೆ ಕಾಣುತ್ತದೆ. ಸರ್ಕಾರ ಬಿಡುಗಡೆ ಮಾಡಿದ ಹಣವನ್ನೇ ‘ಖರ್ಚು’ ಎಂದು ಬರೆದರೆ, ಖಾತೆಯಲ್ಲಿ ಸುಮ್ಮನೆ ಕೂತಿರುವ ಹಣವೂ ಖಾಲಿಯಾದಂತೆ ಕಾಣುತ್ತದೆ.

ಹಾಗಾದರೆ ಫಾರ್ವರ್ಡ್ ಬಂದಾಗ?

ನಾಲ್ಕು ಪ್ರಶ್ನೆ ಕೇಳಿ.

1. ‘ಕೆಲಸ 40%’ ಎಂಬುದು ಎಣಿಕೆಯೋ, ಬೆಲೆಯೋ?
2. ‘ಹಣ 65%’ ಎಂಬುದು ಬಿಡುಗಡೆಯಾದದ್ದೋ, ಖರ್ಚಾದದ್ದೋ? ಅದರಲ್ಲಿ ಅಡ್ವಾನ್ಸ್ ಎಷ್ಟು?
3. ಎರಡೂ ಸಂಖ್ಯೆ ಒಂದೇ ದಿನಾಂಕದವೇ? ಮಾರ್ಚ್‌ನ ಕೆಲಸದ ಪಕ್ಕದಲ್ಲಿ ಜೂನ್‌ನ ಖರ್ಚು ಇಟ್ಟರೆ ಅಂತರ ತಾನಾಗಿಯೇ ಹಿಗ್ಗುತ್ತದೆ.
4. ಈ ದಿನಕ್ಕೆ ಎಷ್ಟು ಕೆಲಸ ಆಗಬೇಕು ಎಂದು ಮೊದಲೇ ಬರೆದಿತ್ತು?

ಉತ್ತರ ಚಾರ್ಟ್‌ನಲ್ಲಿ ಇಲ್ಲದಿದ್ದರೆ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ. ಯಾವ ಕೆಲಸಕ್ಕೆ ಎಷ್ಟು ಹಣ ಇಟ್ಟಿದ್ದರು ಎಂಬುದು ಅಂದಾಜು ಪಟ್ಟಿಯಲ್ಲಿ, ಸ್ಥಳದಲ್ಲಿ ಎಷ್ಟು ಕೆಲಸ ಅಳೆದಿದ್ದಾರೆ ಎಂಬುದು ಅಳತೆ ಪುಸ್ತಕದಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ಗೆರೆಯನ್ನು ನೀವೇ ಎಳೆಯಬಹುದು.

ಆ ಲೆಕ್ಕದ ನಂತರವೂ ದೊಡ್ಡ ಅಂತರ ಉಳಿದರೆ, ಆಗ ‘ಹಣ ಎಲ್ಲಿ ಹೋಯಿತು?’ ಎಂದು ಧೈರ್ಯವಾಗಿ ಕೇಳಿ. ಗುತ್ತಿಗೆದಾರ ‘ಚಾರ್ಟೇ ತಪ್ಪು’ ಎಂದು ನುಣುಚಿಕೊಳ್ಳಲು ಆಗುವುದಿಲ್ಲ.

ಒಟ್ಟಾರೆ: ಖರ್ಚಾದ ಹಣದ ಪಾಲು ಮತ್ತು ಮುಗಿದ ಕೆಲಸಗಳ ಎಣಿಕೆಯನ್ನು ಪಕ್ಕಪಕ್ಕ ಇಟ್ಟ ಚಾರ್ಟ್‌ನಿಂದ ಹಗರಣ ಸಾಬೀತಾಗುವುದಿಲ್ಲ, ಎಲ್ಲ ಸರಿ ಇದೆ ಎಂದೂ ಸಾಬೀತಾಗುವುದಿಲ್ಲ. ಮುಗಿದ ಕೆಲಸದ ಬಜೆಟ್ ಬೆಲೆ ಗೊತ್ತಾಗುವವರೆಗೆ ಇಂಥ ಚಿತ್ರಕ್ಕೆ ನಾವು ಕೊಡುವ ಗುರುತು: ಅಪೂರ್ಣ ಮಾಹಿತಿ.