ಅನುವಾದಿತ ವರದಿಯ ಪರಿಷ್ಕರಣೆ: ತಿದ್ದುಪಡಿಯ ಗುರುತು ಹಾಗೂ ಟಿಪ್ಪಣಿಗಳನ್ನು ನಿರ್ವಹಿಸುವ ಕ್ರಮ



2013ರ ಭೂಸ್ವಾಧೀನ ಅಧಿನಿಯಮದ 6ನೇ ಪ್ರಕರಣದ ಮೇರೆಗೆ, ಸಾಮಾಜಿಕ ಪರಿಣಾಮ ನಿರ್ಧರಣೆಯ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಗೆ ಒದಗಿಸತಕ್ಕದ್ದು. ಇಂತಹ ವರದಿ ಸಾಮಾನ್ಯವಾಗಿ ಮೊದಲು ಇಂಗ್ಲಿಷಿನಲ್ಲಿ ರಚಿತವಾಗುತ್ತದೆ; ಅನಂತರ ಅಧ್ಯಯನ ಸಂಸ್ಥೆಯು ಗ್ರಾಹಕನಾಗಿ ಅನುವಾದಕರಿಂದ ಕನ್ನಡಕ್ಕೆ ತರಿಸುತ್ತದೆ. ಕರಡು ಪಂಚಾಯಿತಿಗೆ ಬಂದಾಗ ಸದಸ್ಯರೇ ಪರಿಶೀಲಕರು. ಅವರು ಹಾಕುವ ಒಂದು ತಿದ್ದುಪಡಿ ಯಾರ ಹಕ್ಕನ್ನು ಮುಟ್ಟೀತೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡಬಹುದು.

ಕೆ.ಆರ್. ಪುರದಲ್ಲಿ ಕಚೇರಿಯುಳ್ಳ ಬೆಂಗಳೂರು ಪೂರ್ವ ತಾಲ್ಲೂಕಿನ ಒಂದು ಪಂಚಾಯಿತಿಗೆ ರಸ್ತೆ ಯೋಜನೆಯೊಂದರ 180 ಪುಟಗಳ ಕರಡು ಬಂದಿದೆಯೆಂದು ಭಾವಿಸೋಣ, ಅನುವಾದಕರು ಇಂದಿರಾನಗರದವರು. ಕರಡಿನಲ್ಲಿ "64 ಬಾಧಿತ ಕುಟುಂಬಗಳು" ಎಂದಿದೆ. ಒಬ್ಬ ಸದಸ್ಯರಿಗೆ ಆ ಪದ ತೊಡಕೆನಿಸಿ, ಸರಳವಾಗಲೆಂದು "64 ಭೂಮಾಲೀಕ ಕುಟುಂಬಗಳು" ಎಂದು ತಿದ್ದುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಧಿನಿಯಮದ ಪ್ರಕಾರ ಜಮೀನಿಲ್ಲದಿದ್ದರೂ ಗೇಣಿದಾರರು, ಪಾಲಿಗೆ ಉಳುವವರು, ಕುಶಲಕರ್ಮಿಗಳು, ಕೃಷಿ ಕೂಲಿಕಾರರು ಮೊದಲಾದವರು ಸ್ವಾಧೀನಕ್ಕೆ ಹಿಂದಿನ 3 ವರ್ಷ ಆ ಪ್ರದೇಶದಲ್ಲಿ ದುಡಿದಿದ್ದು, ಅವರ ಮುಖ್ಯ ಜೀವನೋಪಾಯಕ್ಕೆ ಧಕ್ಕೆಯಾಗುವುದಾದರೆ ಅವರೂ ಬಾಧಿತ ಕುಟುಂಬದವರೇ. ವರದಿಯ ಕೋಷ್ಟಕದಲ್ಲಿ 41 ಮಂದಿ ಮಾಲೀಕರು, 23 ಮಂದಿ ಗೇಣಿದಾರರು ಮತ್ತು ಕೂಲಿಕಾರರು ಎಂದಿದ್ದರೆ, ಒಂದು ಪದದ ಬದಲಾವಣೆಯಿಂದ ಆ 23 ಕುಟುಂಬಗಳು ವಾಕ್ಯದಿಂದ ಹೊರಬೀಳುತ್ತವೆ.

ವರ್ಡ್ ಕಡತದಲ್ಲಿ `Review` ಪಟ್ಟಿಯ `Track Changes` ಚಾಲನೆಯಲ್ಲಿದ್ದರೆ ಈ ಬದಲಾವಣೆ ಸದಸ್ಯರ ಹೆಸರಿನೊಡನೆ ಬಣ್ಣದಲ್ಲಿ ಕಾಣುತ್ತದೆ. ಇಲ್ಲವಾದರೆ ಸುಳಿವೇ ಸಿಗದು. ಆದುದರಿಂದ ಕರಡನ್ನು ಕಳುಹಿಸುವ ಮುನ್ನ ಗ್ರಾಹಕರು ಅದೇ ಪಟ್ಟಿಯ `Lock Tracking` ಆಯ್ಕೆಮಾಡಿ ಗುಪ್ತಪದ ಇಡುವುದು ಸೂಕ್ತ. ಬೀಗವಿರುವವರೆಗೆ ಗುರುತಿಸುವಿಕೆಯನ್ನು ನಿಲ್ಲಿಸಲೂ ಆಗದು, ತಿದ್ದುಪಡಿಯನ್ನು ಅಂಗೀಕರಿಸಲೂ ಆಗದು.

ಅನುವಾದಕರು ಇಂತಹ ತಿದ್ದುಪಡಿಯನ್ನು ತಾವೇ ಅಂಗೀಕರಿಸುವುದೂ ತಿರಸ್ಕರಿಸುವುದೂ ಸರಿಯಲ್ಲ. ಅದಕ್ಕೆ ಹೊಂದಿಕೊಂಡಂತೆ ಟಿಪ್ಪಣಿ ಬರೆದು, ಮೂಲ ಇಂಗ್ಲಿಷ್ ವಾಕ್ಯದ ಪುಟಸಂಖ್ಯೆ, ಅಧಿನಿಯಮದ 3ನೇ ಪ್ರಕರಣದ ವ್ಯಾಖ್ಯೆ ಹಾಗೂ ತಮ್ಮ ಸಲಹೆಯನ್ನು ತಿಳಿಸಬೇಕು, ತೀರ್ಮಾನ ಗ್ರಾಹಕರದು. ಇಲ್ಲಿ ತಿರಸ್ಕಾರವೇ ಸರಿಯಾದರೂ ಸದಸ್ಯರ ದೂರಿನಲ್ಲಿ ಹುರುಳಿಲ್ಲದಿಲ್ಲ. ಪದ ತೊಡಕೆನಿಸುವುದಾದರೆ ಮೊದಲ ಬಾರಿ ಬರುವೆಡೆ ಒಂದು ವಾಕ್ಯದ ವಿವರಣೆ ಸೇರಿಸಬಹುದು. ತೀರ್ಮಾನವಾದ ಮೇಲೆ ಟಿಪ್ಪಣಿಯನ್ನು ಅಳಿಸದೆ ಇತ್ಯರ್ಥವಾಯಿತೆಂದು ಗುರುತಿಸಬೇಕು. ಅದೇ ಬದಲಾವಣೆ ಬೇರೆಡೆ ನುಸುಳಿದೆಯೇ ಎಂದು ಇಡೀ ಕಡತದಲ್ಲಿ ಹುಡುಕುವಾಗ "ಭೂಮಾಲೀಕ", "ಭೂಮಾಲಿಕ" ಎರಡನ್ನೂ ಹುಡುಕಬೇಕು. ಕಾಗುಣಿತದ ಒಂದು ದೀರ್ಘ ತಪ್ಪಿದರೂ ಯಂತ್ರಕ್ಕೆ ಅದು ಬೇರೆ ಪದ.

ಟಿಪ್ಪಣಿ ಬರೆಯುವಾಗ ಸದಸ್ಯರು ಒಂದು ಭೇದವನ್ನು ತೋರಿಸಿದರೆ ಬಹಳ ಕಾಲ ಉಳಿಯುತ್ತದೆ: ದೋಷ ಅನುವಾದದ್ದೋ, ಮೂಲದ್ದೋ? ಸರ್ವೆ ನಂಬರೇ ತಪ್ಪಿದ್ದರೆ ಅನುವಾದಕರು ಅದನ್ನು ಕನ್ನಡದಲ್ಲಿ ಮಾತ್ರ ತಿದ್ದಲಾಗದು. ಎರಡು ಭಾಷೆಯ ವರದಿಗಳು ಒಂದಕ್ಕೊಂದು ತಾಳೆಯಾಗದೆ ಹೋಗುತ್ತವೆ. ಅಂತಹ ಟಿಪ್ಪಣಿ ವರದಿ ಬರೆದವರಿಗೆ ಹೋಗತಕ್ಕದ್ದು.

ನಮ್ಮ ಕಚೇರಿಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಅಕ್ಷರವಿನ್ಯಾಸ. ಕರಡು ಯೂನಿಕೋಡ್‌ನಲ್ಲಿದ್ದು, ಪರಿಶೀಲಕರು ನುಡಿಯ ಹಳೆಯ ವಿನ್ಯಾಸದಲ್ಲಿ ಬೆರಳಚ್ಚಿಸಿದರೆ, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವರ ಸಾಲುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇಡೀ ಕಡತವನ್ನೇ ಪರಿವರ್ತಿಸಿದರೆ ಇನ್ನೂ ಕೇಡು: ಪ್ರತಿ ಸಾಲೂ ಅಳಿಸಿ ಮತ್ತೆ ಬರೆದಂತೆ ತೋರಿ, ನಿಜವಾದ ತಿದ್ದುಪಡಿ ಅದರಲ್ಲಿ ಹುದುಗಿಹೋಗುತ್ತದೆ. ಯಾವ ವಿನ್ಯಾಸವೆಂಬುದನ್ನು ಕರಡಿನೊಡನೆ ಬರುವ ಪತ್ರದಲ್ಲೇ ನಮೂದಿಸುವಂತೆ ಕೇಳುವುದು ಒಳಿತು.

ಮುದ್ರಿತ ಪ್ರತಿಯಲ್ಲಿ ಓದುವ ಸದಸ್ಯರು ಅದು `All Markup` ನೋಟದಲ್ಲಿ ಮುದ್ರಿತವಾಗಿದೆಯೇ ಎಂದು ಕೇಳಬೇಕು. `No Markup` ನೋಟದಲ್ಲಿ ತಿದ್ದುಪಡಿಗಳೆಲ್ಲ ಆಗಲೇ ಅಂಗೀಕೃತವಾದಂತೆ ಪುಟ ಶುಭ್ರವಾಗಿ ಕಾಣುತ್ತದೆ. ಕಡತದೊಳಗೆ ಅವು ಇನ್ನೂ ತೀರ್ಮಾನವಾಗದೆ ಉಳಿದಿರುತ್ತವೆ. ಕಾಗದದ ಮೇಲೆ ಬರೆದ ಅಭಿಪ್ರಾಯಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಸದಸ್ಯರ ಹೆಸರಿನೊಡನೆ ಒಂದೇ ಕಡತಕ್ಕೆ ಸೇರಿಸುವುದು ಸೂಕ್ತ. ನಾಲ್ವರು ನಾಲ್ಕು ಪ್ರತಿಗಳನ್ನು ತಿದ್ದಿದರೆ ಅವನ್ನು ಕೂಡಿಸುವಾಗ ಏನಾದರೊಂದು ಬಿಟ್ಟುಹೋಗುತ್ತದೆ.

ಕೊನೆಯಲ್ಲಿ `Accept All Changes` ಒತ್ತುವುದಿದ್ದರೆ, ಪ್ರತಿಯೊಂದು ಟಿಪ್ಪಣಿ ಇತ್ಯರ್ಥವಾದ ಮೇಲೆ, ಕಡತದ ನಕಲಿನಲ್ಲಿ ಮಾತ್ರ ಒತ್ತಬೇಕು. ಆ ನಕಲನ್ನು ಪಂಚಾಯಿತಿಗೆ ಮೊದಲು ಬಂದ ಕರಡಿನೊಡನೆ `Compare` ಮೂಲಕ ಹೋಲಿಸಿ ನೋಡಿ, ಬಳಿಕ ಪಿಡಿಎಫ್ ಮಾಡತಕ್ಕದ್ದು. ಗುರುತುಗಳುಳ್ಳ ಮೂಲ ಕಡತ ಪಂಚಾಯಿತಿಯ ದಾಖಲೆಯಲ್ಲಿ ಇರಲಿ. ಸಾರ್ವಜನಿಕ ಅಹವಾಲು ಸಭೆಯಲ್ಲಿ 23 ಕುಟುಂಬಗಳ ಪ್ರಶ್ನೆ ಎದ್ದರೆ, ಪದವನ್ನು ಯಾರು, ಯಾವ ದಿನ, ಯಾವ ಕಾರಣಕ್ಕೆ ಉಳಿಸಿದರೆಂಬುದು ಅಲ್ಲಿ ಸಿಗುತ್ತದೆ.